ಅಂಗೈಯಲ್ಲಿ ಅಡಗುವ ಹೆಸರು

ಮದರಂಗಿ ಹಚ್ಚಿಸಿಕೊಳ್ಳಲು ಕೂತ ಮದುಮಗಳ ಅಂಗೈ ತುಂಬ ಬಳ್ಳಿ, ಹೂವು, ಮಾವಿನಕಾಯಿಗಳು ಹರಡುತ್ತಿರುತ್ತವೆ. ಅವುಗಳ ನಡುವೆ ಎಲ್ಲೋ ಒಂದು ಕಡೆ ಮದುಮಗನ ಹೆಸರು ಅಡಗಿರಬೇಕು, ಅದನ್ನು ಅವನೇ ಹುಡುಕಬೇಕು. ಉತ್ತರ ಭಾರತದ ಮದುವೆಗಳ ಈ ಆಟ ಈಗ ನಮ್ಮ ಮದುವೆಮನೆಗಳಿಗೂ ಬಂದಿದೆ. ಆದರೆ ಹೆಸರು ಕನ್ನಡದಲ್ಲೇ ಬೇಕು ಎಂದಾಗ ಕೋನ್ ಹಿಡಿದ ಕೈ ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ.

ಕನ್ನಡದ ದುಂಡು ಅಕ್ಷರಗಳು ಬಳ್ಳಿಯ ಸುರುಳಿಗೆ ಹೇಳಿ ಮಾಡಿಸಿದಂತಿವೆ. ತಲೆಕಟ್ಟನ್ನು ಎಲೆಯಾಗಿಸಬಹುದು, ದೀರ್ಘದ ಕೊನೆಯನ್ನು ಬಳ್ಳಿಯ ಕುಡಿಯಾಗಿಸಬಹುದು. ತೊಡಕು ಇರುವುದು ಅಕ್ಷರದ ಹೊಟ್ಟೆಯಲ್ಲಿ ಮತ್ತು ಅದರ ಅಡಿಯಲ್ಲಿ.

‘ಸಿದ್ಧಾರ್ಥ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಬಿಡಿಯಾಗಿ ನೋಡಿದರೆ ಮೂರೇ ಅಕ್ಷರ. ನಡುವಿನದಕ್ಕೆ ಕೆಳಗೆ ‘ಧ’ ಒತ್ತು ಇದೆ, ಅದರ ಹೊಟ್ಟೆ ಸೀಳಬೇಕು. ಆ ಸಣ್ಣ ಗೆರೆ ಮುಚ್ಚಿಹೋದರೆ ಹೆಸರು ‘ಸಿದ್ದಾರ್ಥ’ ಆಗುತ್ತದೆ. ಕೊನೆಯ ‘ಥ’ದ ಒಳಗಿನ ಚುಕ್ಕೆ ಅಳಿಸಿದರೆ ಅದು ‘ಧ’ವಾಗಿ, ‘ಸಿದ್ಧಾರ್ಧ’ ಎಂದು ಓದಿಸಿಕೊಳ್ಳುತ್ತದೆ. ಹುಡುಗ ತನ್ನ ಹೆಸರನ್ನು ಹುಡುಕಿಯೂ ಅದು ತನ್ನದಲ್ಲ ಎನ್ನಬೇಕಾಗುತ್ತದೆ!

ಇದಕ್ಕೆ ಕಾರಣ ಮದರಂಗಿಯ ಸ್ವಭಾವ. ಕಾಗದದ ಮೇಲಿನ ಶಾಯಿಯಂತೆ ಅದು ಎಳೆದ ಜಾಗದಲ್ಲೇ ನಿಲ್ಲುವುದಿಲ್ಲ. ಎಲೆಯ ಬಣ್ಣ ಒದ್ದೆ ಲೇಪದಿಂದ ಚರ್ಮದ ಮೇಲ್ಪದರಕ್ಕೆ ಇಳಿಯುವಾಗ ಅಕ್ಕಪಕ್ಕಕ್ಕೂ ತುಸು ಹಬ್ಬುತ್ತದೆ. ಹಾಗಾಗಿ ಎರಡು ಗೆರೆಗಳ ನಡುವೆ ಕನಿಷ್ಠ ಒಂದು ಗೆರೆಯಷ್ಟು ಜಾಗ ಖಾಲಿ ಬಿಡಬೇಕು. ಸಣ್ಣ ಮೂತಿಯ ಕೋನ್‌ನಿಂದ ಬರುವ ಗೆರೆ ಸುಮಾರು 1 ಮಿಲಿಮೀಟರ್ ಎಂದುಕೊಂಡರೆ ಲೆಕ್ಕ ಸುಲಭ. ಹೊಟ್ಟೆಯ ಎರಡು ಗೋಡೆ, ನಡುವೆ ಚುಕ್ಕೆ, ಚುಕ್ಕೆಯ ಎರಡೂ ಬದಿಗೆ ಖಾಲಿ ಜಾಗ: ಒಟ್ಟು 5 ಮಿಲಿಮೀಟರ್. ಇದಕ್ಕಿಂತ ಕಿರಿದಾದರೆ ಚುಕ್ಕೆ ಉಳಿಯುವುದಿಲ್ಲ. ಒತ್ತಿಗೂ ಹೆಚ್ಚುಕಡಿಮೆ ಅಷ್ಟೇ ಜಾಗ ಬೇಕು. ಒತ್ತು ಮೂಲ ಅಕ್ಷರದ ಅರ್ಧದಷ್ಟಿರುವುದರಿಂದ ಅಕ್ಷರ 1 ಸೆಂಟಿಮೀಟರ್ ಎತ್ತರ, ಒತ್ತು ಸೇರಿದರೆ ಒಂದೂವರೆ. ಹೆಸರಿನ ಅಳತೆಯನ್ನು ನಿರ್ಧರಿಸುವುದು ಅದರ ಅತಿ ಸಣ್ಣ ಒತ್ತೇ ಹೊರತು ಅಂಗೈಯಲ್ಲಿ ಉಳಿದ ಜಾಗವಲ್ಲ. ಹೆಸರನ್ನು ಮೊದಲು ಬರೆದು, ಆಮೇಲೆ ಬಳ್ಳಿ ಹಬ್ಬಿಸುವುದು ಇದಕ್ಕೇ ಒಳ್ಳೆಯದು.

ಎಲ್ಲಿ ಬರೆಯುವುದು? ಹೆಬ್ಬೆರಳ ಬುಡದ ದಿಬ್ಬ ಬಣ್ಣ ಗಾಢವಾಗಿ ಹಿಡಿಯುವ ಜಾಗ, ಆದರೆ ಉಬ್ಬು. ಅಲ್ಲಿ ನೇರ ಸಾಲು ನೇರವಾಗಿ ಕಾಣುವುದಿಲ್ಲ, ಬಾಗಿಸಲೇಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಚಂದಕ್ಕೆಂದು ಕಾಮನಬಿಲ್ಲಿನಂತೆ ಬಾಗಿಸಿದರೆ ಅಕ್ಷರಗಳ ತಲೆಗಳು ದೂರವಾಗಿ, ಕಾಲುಗಳು ಒಂದಕ್ಕೊಂದು ತಾಗುತ್ತವೆ. ಕನ್ನಡದ ಒತ್ತುಗಳಿರುವುದು ಕಾಲಿನ ಬಳಿಯೇ. ಅದನ್ನೇ ಬಟ್ಟಲಿನಂತೆ, ನಡು ತಗ್ಗಿಸಿ ಬಾಗಿಸಿದರೆ ಕೆಳಗೆ ಜಾಗ ಅಗಲವಾಗಿ ಒತ್ತುಗಳು ಉಸಿರಾಡುತ್ತವೆ. ಮೇಲೆ ತಲೆಕಟ್ಟುಗಳು ಹತ್ತಿರವಾದರೂ ಓದಿಗೆ ತೊಂದರೆಯಿಲ್ಲ. ಹಿಂದಿಯ ಹೆಸರಿಗೆ ಈ ಚಿಂತೆ ಕಡಿಮೆ, ಅದರ ತಲೆಗೆರೆಯನ್ನೇ ಬಳ್ಳಿಯ ಕಾಂಡವಾಗಿಸಿ ಅಕ್ಷರಗಳನ್ನು ತೂಗಿಬಿಡಬಹುದು.

ಅಂಗೈಯನ್ನು ಬಿಗಿಯಾಗಿ ಎಳೆದು ಹಿಡಿದು ಬರೆದರೆ, ಬಿಟ್ಟ ಮೇಲೆ ಚರ್ಮ ಕುಗ್ಗಿ ಅಕ್ಷರಗಳ ಹೊಟ್ಟೆಯೂ ಕುಗ್ಗುತ್ತದೆ. ಕೈ ಸಡಿಲವಾಗಿ ಚಾಚಿರುವಾಗಲೇ ಬರೆಯಬೇಕು. ಹಸ್ತರೇಖೆಗಳ ಮೇಲೆ ಚುಕ್ಕೆಯಾಗಲಿ ಒತ್ತಾಗಲಿ ಬೀಳದಂತೆ ನೋಡಬೇಕು. ಆ ಸೀಳಿನಗುಂಟ ಬಣ್ಣ ಹರಿಯುತ್ತದೆ, ಕೈ ಮಡಚಿದರೆ ಒಣಗಿದ ಲೇಪ ಅಲ್ಲಿಯೇ ಮೊದಲು ಉದುರುತ್ತದೆ.

ಕೋನ್‌ನ ಮೂತಿ ಚರ್ಮಕ್ಕೆ ತಾಗಬಾರದು. ತುಸು ಎತ್ತಿ ಹಿಡಿದು, ಲೇಪವನ್ನು ನೂಲಿನಂತೆ ಇಳಿಬಿಟ್ಟು ಜಾಗಕ್ಕೆ ಕೂರಿಸಬೇಕು. ಆ ನೂಲು ತುಂಡಾಗದಿರಲೆಂದು ಲೇಪಕ್ಕೆ ಸಕ್ಕರೆ ಬೆರೆಸುತ್ತಾರೆ. ಕರಾವಳಿಯ ಸೆಕೆಯಲ್ಲಿ ಸಕ್ಕರೆ ಹೆಚ್ಚಾದರೆ ಲೇಪ ನೀರೊಡೆದು ಗೆರೆ ಹರಡುತ್ತದೆ, ಅಲ್ಲಿ ಕಡಿಮೆ ಹಾಕಬೇಕು. ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸದಿದ್ದರೆ ಎಲೆಯ ಒಂದು ನಾರು ಸಾಕು, ಸುರುಳಿಯ ನಡುವೆ ಮೂತಿ ಕಟ್ಟಿಕೊಳ್ಳುತ್ತದೆ. ಮೊದಲು ಮೂಲ ಅಕ್ಷರ, ಆಮೇಲೆ ಒತ್ತು, ಎಲ್ಲಕ್ಕೂ ಕೊನೆಗೆ ಚುಕ್ಕೆ ಮತ್ತು ಸೀಳು. ತಪ್ಪಿದರೆ ಕೂಡಲೇ ಕಡ್ಡಿಯಿಂದ ಎತ್ತಬೇಕು. ಅಂಗೈ ಕೆಲವೇ ನಿಮಿಷಗಳಲ್ಲಿ ಬಣ್ಣ ಹಿಡಿದುಬಿಡುತ್ತದೆ.

ಮದರಂಗಿ ಹಚ್ಚಿಸಿಕೊಳ್ಳುವವರು ಹೆಸರನ್ನು ಬಾಯಲ್ಲಿ ಹೇಳದೆ, ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಿ. ಕಾರ್ಯಕ್ರಮವನ್ನು ಮದುವೆಗೆ ಎರಡು ದಿನ ಮೊದಲೇ ಇಟ್ಟುಕೊಳ್ಳಿ. ಲೇಪ ಉದುರಿದಾಗ ಹೆಸರು ಬರೀ ಕಿತ್ತಳೆ ಬಣ್ಣದ್ದಾಗಿರುತ್ತದೆ, ಅದು ಕೆಂಪಗೆ ಕುದುರಲು ಒಂದೆರಡು ದಿನ ಬೇಕು.