ಶಾಖೆಯೋ, ಅಂಗಸಂಸ್ಥೆಯೋ: ಸಾಲ ತೀರಿಸುವವರು ಯಾರು?

ಜರ್ಮನಿಯ ಯಂತ್ರ ಕಂಪನಿಯೊಂದು ಬೆಂಗಳೂರಿನ ಪೀಣ್ಯದಲ್ಲಿ ವ್ಯವಹಾರ ಶುರುಮಾಡುತ್ತದೆ ಎಂದುಕೊಳ್ಳಿ. ಅದು ಮಾರಿದ ಯಂತ್ರ ಕೆಟ್ಟು, ಖರೀದಿದಾರರು 5 ಕೋಟಿ ರೂಪಾಯಿ ಪರಿಹಾರ ಕೇಳುತ್ತಾರೆ. ಹಣ ಕೊಡಬೇಕಾದವರು ಯಾರು?

ಇಲ್ಲಿರುವುದು ಶಾಖಾ ಕಚೇರಿಯಾದರೆ ಉತ್ತರ ನೇರ. ಶಾಖೆಗೆ ಪ್ರತ್ಯೇಕ ಕಾನೂನು ಅಸ್ತಿತ್ವವಿಲ್ಲ. ಅದರ ಸಾಲವೆಲ್ಲ ಜರ್ಮನಿಯ ಮಾತೃಸಂಸ್ಥೆಯದೇ. ಪೂರ್ಣ ಒಡೆತನದ ಅಂಗಸಂಸ್ಥೆಯಾದರೆ ಅದು ಸ್ವತಂತ್ರ ಭಾರತೀಯ ಕಂಪನಿ. ಅದರ ಬಳಿ 1 ಕೋಟಿಯ ಆಸ್ತಿಯಷ್ಟೇ ಇದ್ದರೆ, ಸಾಮಾನ್ಯವಾಗಿ ವಸೂಲಿ ಅಷ್ಟಕ್ಕೇ ನಿಲ್ಲುತ್ತದೆ. ಮಾತೃಸಂಸ್ಥೆ ಗ್ಯಾರಂಟಿ ಬರೆದುಕೊಟ್ಟಿದ್ದರೆ ಅಥವಾ ವಂಚನೆ ಸಾಬೀತಾದರೆ ಮಾತ್ರ ಮಾತು ಬೇರೆ.

ಈ ರಕ್ಷಣೆಗೆ ತಕ್ಕ ಕೆಲಸವೂ ಇದೆ. ಖಾಸಗಿ ಅಂಗಸಂಸ್ಥೆಗೆ ಕನಿಷ್ಠ ಇಬ್ಬರು ಷೇರುದಾರರು ಬೇಕು. ಹಾಗಾಗಿ ಒಂದು ಷೇರನ್ನು ನಾಮಿನಿಯ ಹೆಸರಿನಲ್ಲಿ ಇಡುವುದು ರೂಢಿ. ಒಬ್ಬ ನಿರ್ದೇಶಕರು ವರ್ಷಕ್ಕೆ 182 ದಿನವಾದರೂ ಭಾರತದಲ್ಲಿರಬೇಕು. ವಿದೇಶಿ ಹೂಡಿಕೆಗೆ ಷೇರು ಹಂಚಿದ 30 ದಿನಗಳಲ್ಲಿ ರಿಸರ್ವ್ ಬ್ಯಾಂಕಿಗೆ ವರದಿ ಸಲ್ಲಿಸಬೇಕು.

ಶಾಖೆಗೆ ಬೇರೆಯೇ ಕಟ್ಟುಪಾಡು. 2016ರ ಫೆಮಾ ನಿಯಮಗಳು ಮಾತೃಸಂಸ್ಥೆಗೆ ಸತತ ಐದು ವರ್ಷದ ಲಾಭ ಮತ್ತು 1 ಲಕ್ಷ ಡಾಲರ್ ನಿವ್ವಳ ಮೌಲ್ಯದ ಷರತ್ತು ಹಾಕಿದವು. ಆಮದು, ರಫ್ತು, ಸಲಹೆ, ತಾಂತ್ರಿಕ ನೆರವಿನಂಥ ಕೆಲಸಗಳಿಗೆ ಅವಕಾಶ ಕೊಟ್ಟು, ಸ್ವಂತ ತಯಾರಿಕೆ ಮತ್ತು ಚಿಲ್ಲರೆ ವ್ಯಾಪಾರವನ್ನು ಹೊರಗಿಟ್ಟವು.

ಆದ್ದರಿಂದ ವಿದೇಶಿ ಹೆಸರು ನೋಡಿ ನಂಬಬೇಡಿ. ಒಪ್ಪಂದಕ್ಕೆ ಸಹಿ ಹಾಕುತ್ತಿರುವ ಕಂಪನಿ ಯಾವುದೆಂದು ಓದಿ. ಅದು ಸಣ್ಣ ಬಂಡವಾಳದ ಅಂಗಸಂಸ್ಥೆಯಾದರೆ ಮಾತೃಸಂಸ್ಥೆಯ ಗ್ಯಾರಂಟಿಯನ್ನು ಲಿಖಿತವಾಗಿ ಕೇಳಿ.