ದೇಹಸಾಮರ್ಥ್ಯದ ಅಂಕವೂ ಪಂದ್ಯದ ಆಟವೂ: ಚುಕ್ಕೆಗಳ ನಕ್ಷೆಯಿಂದ ಒಂದು ಪರಿಶೀಲನೆ

2017ರಲ್ಲಿ ಭಾರತದ ಕ್ರಿಕೆಟ್ ತಂಡದ ಆಯ್ಕೆಗೆ ‘ಯೋ-ಯೋ’ ಎಂಬ ಓಟದ ಪರೀಕ್ಷೆಯಲ್ಲಿ 16.1 ಅಂಕವನ್ನು ಮಿತಿಯಾಗಿ ಇಟ್ಟಿದ್ದು ವಾಚಕರಿಗೆ ನೆನಪಿರಬಹುದು. ಆ ಮಿತಿಯನ್ನು ಮುಟ್ಟದವನು ಎಷ್ಟೇ ನುರಿತವನಾಗಿದ್ದರೂ ಹೊರಗುಳಿಯಬೇಕಾಗಿತ್ತು. ಆಗ ಎಲ್ಲೆಡೆ ಎದ್ದ ಪ್ರಶ್ನೆ ಒಂದೇ: ಪರೀಕ್ಷೆಯಲ್ಲಿ ಹೆಚ್ಚು ಓಡುವವನು ಪಂದ್ಯದಲ್ಲಿಯೂ ಹೆಚ್ಚು ಸಾಧಿಸುತ್ತಾನೆಯೆ? ಇದು ವಾದದಿಂದ ತೀರುವ ಪ್ರಶ್ನೆಯಲ್ಲ. ಅಳೆದು ನೋಡಬೇಕಾದ ಪ್ರಶ್ನೆ. ಅಳೆಯುವ ಕ್ರಮವನ್ನು ಗಣಿತದ ಪೂರ್ವಪರಿಚಯವಿಲ್ಲದವರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಎರಡು ಅಳತೆಗಳು ಬೇಕು. ಒಂದು ಪರೀಕ್ಷೆಯದು. ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಬಾಂಗ್ಸ್‌ಬೋ ರೂಪಿಸಿದ ಈ ಪರೀಕ್ಷೆಯಲ್ಲಿ ಆಟಗಾರನು 20 ಮೀಟರು ದೂರದ ಎರಡು ಗೆರೆಗಳ ನಡುವೆ ಹೋಗಿ ಬರುತ್ತಾನೆ. ಪ್ರತಿ 40 ಮೀಟರಿಗೆ 10 ಸೆಕೆಂಡುಗಳ ವಿಶ್ರಾಂತಿ. ಸದ್ದಿನ ಸೂಚನೆಗಳ ನಡುವಣ ಕಾಲ ಕ್ರಮೇಣ ಕಿರಿದಾಗುತ್ತ ಹೋಗುತ್ತದೆ. ಎರಡು ಸಲ ಸದ್ದಿಗೆ ಮುಂಚೆ ಗೆರೆ ಮುಟ್ಟಲಾಗದಿದ್ದರೆ ಪರೀಕ್ಷೆ ಮುಗಿಯಿತು. ಓಡಿದ ಒಟ್ಟು ದೂರವನ್ನೇ ಅಂಕವಾಗಿ ಬಳಸಬಹುದು.

ಇನ್ನೊಂದು ಅಳತೆ ಪಂದ್ಯದ್ದು. ಇದನ್ನು ಆರಿಸುವುದೇ ಕಷ್ಟ. ಕ್ರಿಕೆಟಿನಲ್ಲಿ ಓಟಗಳ ಸಂಖ್ಯೆ ಅಂಗಣವನ್ನೂ ಎದುರಾಳಿಯನ್ನೂ ಅದೃಷ್ಟವನ್ನೂ ಅವಲಂಬಿಸಿರುತ್ತದೆ. ಅದಕ್ಕಾಗಿ ನಮ್ಮ ಉದಾಹರಣೆಯನ್ನು ಕಾಲ್ಚೆಂಡಾಟದಿಂದ ತೆಗೆದುಕೊಳ್ಳೋಣ. ಅಲ್ಲಿ ಪಂದ್ಯದುದ್ದಕ್ಕೂ ಆಟಗಾರನು ಗಂಟೆಗೆ 15 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡಿದ ದೂರವನ್ನು ಅಳೆಯಬಹುದು. ಇದು ಗೋಲುಗಳ ಲೆಕ್ಕವಲ್ಲ, ನಿಜ. ಆದರೆ ಪರೀಕ್ಷೆ ಅಳೆಯುವ ಗುಣಕ್ಕೆ ಹತ್ತಿರದ ಲೆಕ್ಕ. ಮುಂದೆ ಬರುವ ಫಲಿತವೂ ಇಷ್ಟಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡ ಆರು ಮಂದಿ ಮಧ್ಯಾಂಗಣದ ಆಟಗಾರರನ್ನು ತೆಗೆದುಕೊಳ್ಳೋಣ. ಪರೀಕ್ಷೆಯಲ್ಲಿ ಅವರು ಓಡಿದ ದೂರ ಅನುಕ್ರಮವಾಗಿ 1200, 1400, 1600, 1800, 2000 ಮತ್ತು 2200 ಮೀಟರು. ಪಂದ್ಯದಲ್ಲಿ ಅವರೇ ವೇಗವಾಗಿ ಓಡಿದ ದೂರ ಅದೇ ಅನುಕ್ರಮದಲ್ಲಿ 1600, 1500, 2000, 1800, 2400 ಮತ್ತು 2100 ಮೀಟರು.

ಲೆಕ್ಕಕ್ಕಿಂತ ಮುಂಚೆ ಚಿತ್ರ. ಚೌಕುಳಿ ಕಾಗದದ ಮೇಲೆ ಅಡ್ಡಗೆರೆಯಲ್ಲಿ ಪರೀಕ್ಷೆಯ ಅಂಕವನ್ನೂ ನಿಲುಗೆರೆಯಲ್ಲಿ ಪಂದ್ಯದ ಓಟವನ್ನೂ ಗುರುತಿಸಿ, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಚುಕ್ಕೆ ಇಡಬೇಕು. ಇದೇ ಚದುರು ನಕ್ಷೆ. ನಮ್ಮ ಆರು ಚುಕ್ಕೆಗಳು ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಯ ಕಡೆಗೆ ಸ್ವಲ್ಪ ಏರುಪೇರಾಗಿ ಸಾಗುತ್ತವೆ. ಇನ್ನು ಪರೀಕ್ಷೆಯ ಸರಾಸರಿಯಾದ 1700ರಲ್ಲಿ ಒಂದು ನಿಲುಗೆರೆಯನ್ನೂ ಪಂದ್ಯದ ಸರಾಸರಿಯಾದ 1900ರಲ್ಲಿ ಒಂದು ಅಡ್ಡಗೆರೆಯನ್ನೂ ಎಳೆದರೆ ಕಾಗದ ನಾಲ್ಕು ಕೋಣೆಗಳಾಗುತ್ತದೆ. ಎರಡರಲ್ಲಿಯೂ ಸರಾಸರಿಗಿಂತ ಮೇಲಿರುವವರು ಬಲದ ಮೇಲ್ಕೋಣೆಯಲ್ಲಿ, ಎರಡರಲ್ಲಿಯೂ ಕೆಳಗಿರುವವರು ಎಡದ ಕೆಳಕೋಣೆಯಲ್ಲಿ ಇರುತ್ತಾರೆ. ಉಳಿದೆರಡು ಕೋಣೆಗಳಲ್ಲಿರುವವರು ಸಂಬಂಧಕ್ಕೆ ವಿರುದ್ಧವಾದ ಸಾಕ್ಷಿಗಳು.

ಕಾರ್ಲ್ ಪಿಯರ್‌ಸನ್ನರ ಹೆಸರಿನಿಂದ ಪ್ರಸಿದ್ಧವಾದ ಸಹಸಂಬಂಧ ಗುಣಾಂಕವು ಈ ಸಾಕ್ಷ್ಯವನ್ನೇ ತೂಗುತ್ತದೆ. 100 ಮೀಟರನ್ನು ಒಂದು ಮಾನವೆಂದು ಇಟ್ಟುಕೊಂಡರೆ, ಪರೀಕ್ಷೆಯಲ್ಲಿ ಸರಾಸರಿಯಿಂದ ಆರು ಮಂದಿಯ ವ್ಯತ್ಯಾಸಗಳು −5, −3, −1, 1, 3, 5. ಪಂದ್ಯದಲ್ಲಿ −3, −4, 1, −1, 5, 2. ಒಬ್ಬೊಬ್ಬನ ಎರಡು ವ್ಯತ್ಯಾಸಗಳನ್ನು ಗುಣಿಸಿದರೆ 15, 12, −1, −1, 15, 10, ಮೊತ್ತ 50. ವಿರುದ್ಧ ಸಾಕ್ಷಿಗಳು ಇಬ್ಬರೇ, ಅವರ ತೂಕವೂ ಅಲ್ಪ. ಪರೀಕ್ಷೆಯ ವ್ಯತ್ಯಾಸಗಳ ವರ್ಗಗಳ ಮೊತ್ತ 70, ಪಂದ್ಯದ್ದು 56. ಇವೆರಡರ ಗುಣಲಬ್ಧ 3920. ಅದರ ವರ್ಗಮೂಲ ಸುಮಾರು 62.6. ಐವತ್ತನ್ನು ಇದರಿಂದ ಭಾಗಿಸಿದರೆ 0.80. ಗುಣಾಂಕವು −1ಕ್ಕಿಂತ ಕೆಳಗೆ ಇಳಿಯದು, 1ಕ್ಕಿಂತ ಮೇಲೆ ಏರದು. ಸೊನ್ನೆಯೆಂದರೆ ಸರಳರೇಖೆಯಂಥ ಸಂಬಂಧವಿಲ್ಲವೆಂದು ಅರ್ಥ. ಚುಕ್ಕೆಗಳು ಬಾಗಿದ ಗೆರೆಯಂತೆ ನಿಂತಿದ್ದರೆ ಅದನ್ನು ಕಣ್ಣು ಕಾಣುತ್ತದೆಯೇ ಹೊರತು ಗುಣಾಂಕ ಕಾಣುವುದಿಲ್ಲ.

ಹಾಗಾದರೆ 0.80 ಬಂದಿತೆಂದು ಸಂತೋಷಪಡಬಹುದೆ? ತಡೆಯಬೇಕು. ಯಾವ ಸಂಬಂಧವೂ ಇಲ್ಲದ ಎಡೆಯಲ್ಲಿಯೂ ಕೇವಲ ಆಕಸ್ಮಿಕವಾಗಿ ಆರು ಚುಕ್ಕೆಗಳು ಹೀಗೆ ಸಾಲುಗೂಡಬಲ್ಲವು. ಇಂಥ ಆಕಸ್ಮಿಕವು ನೂರಕ್ಕೆ ಐದು ಸಲಕ್ಕಿಂತ ಕಡಮೆ ಸಂಭವಿಸಬೇಕೆಂಬುದು ರೂಢಿಯ ಅಳತೆಗೋಲು. ಅದರ ಪ್ರಕಾರ ಆರು ಮಂದಿಯ ಲೆಕ್ಕದಲ್ಲಿ ಗುಣಾಂಕ 0.81ನ್ನು ದಾಟಬೇಕು, ಇಪ್ಪತ್ತು ಮಂದಿಯಾದರೆ 0.44 ದಾಟಿದರೆ ಸಾಕು. ನಮ್ಮ ಅಂಕಿ ಕೂದಲೆಳೆಯಷ್ಟು ಅಂತರದಲ್ಲಿ ಹಿಂದುಳಿಯಿತು. ನಿಜವಾದ ಆಟಗಾರರನ್ನು ಅಳೆದು ಪೀಟರ್ ಕ್ರುಸ್ಟ್ರುಪ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಎರಡು ಅಳತೆಗಳ ನಡುವೆ ಬಂದ ಗುಣಾಂಕ 0.71. ಆದುದರಿಂದ ಈ ಸಂಬಂಧ ಬರಿಯ ಕಲ್ಪನೆಯಲ್ಲ. ಆದರೆ ಅದನ್ನು ಕಾಣಿಸಲು ಆರು ಚುಕ್ಕೆಗಳು ಸಾಲವು.

ಹೊಸಬರು ಎಡವುವ ಇನ್ನೊಂದು ಸ್ಥಳವಿದೆ. ಬೇರೆ ನಾಲ್ವರು ಆಟಗಾರರಿದ್ದಾರೆನ್ನಿ. ಇಬ್ಬರ ಪರೀಕ್ಷೆಯ ಅಂಕ 1800, ಇನ್ನಿಬ್ಬರದು 2200. ಎರಡು ಜೋಡಿಗಳಲ್ಲಿಯೂ ಒಬ್ಬನು ಪಂದ್ಯದಲ್ಲಿ 1900 ಮೀಟರು, ಇನ್ನೊಬ್ಬನು 2300 ಮೀಟರು ವೇಗವಾಗಿ ಓಡಿದ್ದಾನೆ. ಚುಕ್ಕೆಗಳು ಚೌಕದ ನಾಲ್ಕು ಮೂಲೆಗಳಂತೆ ನಿಲ್ಲುತ್ತವೆ, ಗುಣಾಂಕ ಸೊನ್ನೆ. ಈ ಪಟ್ಟಿಗೆ ಗೋಲಿಯನ್ನೂ ಸೇರಿಸಿಬಿಟ್ಟರೆ? ಅವನ ಅಂಕ 800, ಪಂದ್ಯದ ಓಟ 300 ಎಂದಿಟ್ಟುಕೊಂಡು ಮೇಲಿನಂತೆಯೇ ಲೆಕ್ಕ ಹಾಕಿದರೆ ಗುಣಾಂಕ ಒಮ್ಮೆಗೇ 0.91ಕ್ಕೆ ಹಾರುತ್ತದೆ. ಗೋಲಿ ಓಡದಿದ್ದುದು ಸಾಮರ್ಥ್ಯ ಸಾಲದೆ ಅಲ್ಲ. ಅವನ ಕೆಲಸವೇ ಗೋಲಿನ ಮುಂದೆ ನಿಲ್ಲುವುದು. ಅಂಕಿಯೊಂದನ್ನೇ ನೋಡಿದವನು ಮೋಸಹೋಗುತ್ತಾನೆ. ನಕ್ಷೆಯನ್ನು ನೋಡಿದವನಿಗೆ ಮೂಲೆಯಲ್ಲಿ ಒಂಟಿಯಾಗಿ ನಿಂತ ಚುಕ್ಕೆ ಕೂಡಲೆ ಕಾಣುತ್ತದೆ. ಇಂಥ ಚುಕ್ಕೆಯನ್ನು ಬಿಟ್ಟು ಮತ್ತೊಮ್ಮೆ ಲೆಕ್ಕ ಮಾಡುವುದು, ಒಂದೇ ಸ್ಥಾನದಲ್ಲಿ ಆಡುವವರನ್ನೇ ಹೋಲಿಸುವುದು, ಇವೇ ಇದಕ್ಕೆ ಪರಿಹಾರ.

ಕೊನೆಯದಾಗಿ, ಮೊದಲಿನ ಪ್ರಶ್ನೆಗೆ ಹಿಂತಿರುಗೋಣ. ನಮ್ಮ ಮೊದಲಿನ ಆರು ಮಂದಿಯಲ್ಲಿ 1800 ಮೀಟರು ಓಡಿದವರಿಗೆ ಮಾತ್ರ ತಂಡದಲ್ಲಿ ಸ್ಥಾನವೆಂಬ ನಿಯಮ ಬಂದಿತೆಂದು ಭಾವಿಸಿ. ಆಗ ಪಂದ್ಯ ಆಡುವವರು ಮೂವರೇ. ಅವರ ಚುಕ್ಕೆಗಳಿಂದ ಬರುವ ಗುಣಾಂಕ 0.50. ಆಟಗಾರರು ಬದಲಾಗಲಿಲ್ಲ, ಅವರ ಓಟ ಬದಲಾಗಲಿಲ್ಲ. ನಕ್ಷೆಯ ಎಡಭಾಗ ಕತ್ತರಿಸಿಹೋಯಿತು, ಅಷ್ಟೆ. ಎಲ್ಲರೂ ಸಮರ್ಥರೇ ಆದಾಗ ಸಾಮರ್ಥ್ಯದ ಅಲ್ಪ ವ್ಯತ್ಯಾಸವು ಇತರ ಕಾರಣಗಳ ನಡುವೆ ಮುಳುಗಿಹೋಗುವುದು ಸಾಮಾನ್ಯ.

ಇದರಿಂದ ಎರಡು ಪಕ್ಷದವರಿಗೂ ಪಾಠವಿದೆ. ಆಯ್ಕೆಯಾದವರಲ್ಲಿ ಸಂಬಂಧ ಕಾಣಲಿಲ್ಲವೆಂದು ಪರೀಕ್ಷೆಯೇ ವ್ಯರ್ಥವೆನ್ನುವಂತಿಲ್ಲ. ಆಯ್ಕೆಯಾದವರು ಚೆನ್ನಾಗಿ ಆಡಿದರೆಂದು ಮಿತಿ ಸರಿಯಾಗಿಯೇ ಇತ್ತೆನ್ನುವಂತೆಯೂ ಇಲ್ಲ. ಹೊರಗುಳಿದವನು ಆಡಿದ್ದರೆ ಅವನ ಚುಕ್ಕೆ ಎಲ್ಲಿ ಬೀಳುತ್ತಿತ್ತೆಂಬುದು ನಕ್ಷೆಯಲ್ಲಿ ಇಲ್ಲ. ಆದುದರಿಂದ ಮಿತಿಯನ್ನು ವಿಧಿಸುವ ಮುನ್ನ, ಎಲ್ಲರೂ ಆಡುತ್ತಿರುವ ಕಾಲದಲ್ಲಿಯೇ, ಎರಡು ಅಳತೆಗಳನ್ನೂ ತೆಗೆದು ಚುಕ್ಕೆಗಳನ್ನು ಇಟ್ಟು ನೋಡಬೇಕು. ಮಿತಿ ಬಂದ ಮೇಲೆ ಆ ಅವಕಾಶ ಕೈತಪ್ಪಿಹೋಗುತ್ತದೆ.