‘ಅದೊಂದು ಹಾಗೇ ಸೇರಿಸಿಬಿಡಿ ಮೇಡಂ’

ಮೈಸೂರಿನ ಒಂದು ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡಲು ಒಬ್ಬ ಸಲಹೆಗಾರ್ತಿ ಒಪ್ಪಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಕೊಟೇಶನ್‌ನಲ್ಲಿರುವುದು ಎಂಟು ಪುಟ, ಗಿರಾಕಿಗಳು ವಿಚಾರಿಸಲು ಒಂದು ಫಾರ್ಮ್, ಎರಡು ಸುತ್ತಿನ ತಿದ್ದುಪಡಿ. ಒಟ್ಟು 1,20,000 ರೂಪಾಯಿ. ಮುಕ್ಕಾಲು ಕೆಲಸ ಮುಗಿದಿದೆ. ಒಂದು ರಾತ್ರಿ ಮಾಲೀಕರ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ: ‘ಜನ ಸೈಟ್‌ನಲ್ಲೇ ದುಡ್ಡು ಕಟ್ಟಿ ಸೀರೆ ತರಿಸಿಕೊಳ್ಳೋ ಹಾಗೆ ಅದೊಂದು ಹಾಗೇ ಸೇರಿಸಿಬಿಡಿ ಮೇಡಂ. ದೀಪಾವಳಿಗೆ ಬೇಕು.’

ಮಾಲೀಕರಿಗೆ ಕೆಟ್ಟ ಉದ್ದೇಶವೇನಿಲ್ಲ. ಅವರ ಕಣ್ಣಿಗೆ ಅದು ಒಂದು ಬಟನ್ ಅಷ್ಟೇ. ಅದರ ಹಿಂದೆ ಪೇಮೆಂಟ್ ಗೇಟ್‌ವೇ ಖಾತೆಗೆ ದಾಖಲೆ ಒದಗಿಸಬೇಕು, ಹಣ ವಾಪಸಾತಿಯ ನಿಯಮಗಳ ಪುಟ ಬರೆಯಬೇಕು, ಆರ್ಡರ್ ಬಂದಾಗ ಎರಡೂ ಕಡೆಗೆ ಸಂದೇಶ ಹೋಗುವಂತೆ ಮಾಡಬೇಕು. ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ಆರ್ಡರ್ ಮಾತ್ರ ದಾಖಲಾಗದ ಸಂದರ್ಭವನ್ನೂ ಪರೀಕ್ಷಿಸಿ ನೋಡಬೇಕು. ಸಮಯ ತಿನ್ನುವುದು ಮುಖ್ಯವಾಗಿ ಈ ಕೊನೆಯದೇ.

ಆಕೆ ಆ ರಾತ್ರಿಯೇ ‘ಆಯ್ತು ನೋಡೋಣ ಸರ್’ ಎಂದು ಬರೆಯುವುದಿಲ್ಲ. ಕೇಳುವವರ ಕಿವಿಗೆ ಅದರಲ್ಲಿ ‘ಆಯ್ತು’ ಮಾತ್ರ ಬೀಳುತ್ತದೆ. ಬೆಳಿಗ್ಗೆ ಕೊಟೇಶನ್ ತೆಗೆದು ನೋಡಿ, ಗಂಟೆಗಳನ್ನು ಲೆಕ್ಕ ಹಾಕಿ, ಹೀಗೊಂದು ಇ-ಮೇಲ್ ಬರೆಯುತ್ತಾರೆ:

‘ನಮಸ್ಕಾರ ಸರ್,

ಆನ್‌ಲೈನ್ ಮಾರಾಟ ಶುರುಮಾಡುವ ನಿಮ್ಮ ಯೋಚನೆ ತಿಳಿದು ಸಂತೋಷವಾಯಿತು. ಹಬ್ಬದ ವ್ಯಾಪಾರಕ್ಕೆ ಅದು ಅನುಕೂಲವಾಗುತ್ತದೆ.

ನಾವು ಒಪ್ಪಿಕೊಂಡ ಕೊಟೇಶನ್‌ನಲ್ಲಿ ಎಂಟು ಪುಟ ಮತ್ತು ವಿಚಾರಣೆಯ ಫಾರ್ಮ್ ಇವೆ. ಹಣ ಪಾವತಿಯ ವ್ಯವಸ್ಥೆ ಸೇರಿಲ್ಲ. ಅದಕ್ಕೆ 24 ಗಂಟೆಗಳ ಕೆಲಸವಿದೆ. ಗಂಟೆಗೆ 1,500 ರೂಪಾಯಿಯಂತೆ 36,000, ಶೇ. 18 ಜಿಎಸ್‌ಟಿ ಸೇರಿ 42,480 ರೂಪಾಯಿ ಆಗುತ್ತದೆ.

ಇದನ್ನು ಈಗಲೇ ಸೇರಿಸಿದರೆ ಸೈಟ್ ಹತ್ತು ದಿನ ತಡವಾಗಿ ಶುರುವಾಗುತ್ತದೆ. ಇಲ್ಲವಾದರೆ ಈಗಿನ ಸೈಟನ್ನು ಹೇಳಿದ ದಿನಕ್ಕೇ ಶುರುಮಾಡಿ, ಪಾವತಿ ವ್ಯವಸ್ಥೆಯನ್ನು ಎರಡನೇ ಹಂತದಲ್ಲಿ ಮಾಡಬಹುದು. ಯಾವುದು ಬೇಕೆಂದು ಶುಕ್ರವಾರದೊಳಗೆ ಇದೇ ಮೇಲ್‌ಗೆ ಉತ್ತರಿಸಿ. ನಿಮ್ಮ ಒಪ್ಪಿಗೆ ಬಂದ ಮರುದಿನ ಆ ಕೆಲಸ ಶುರುಮಾಡುತ್ತೇನೆ. ಅಲ್ಲಿಯವರೆಗೆ ಉಳಿದ ಕೆಲಸ ಎಂದಿನಂತೆ ನಡೆಯುತ್ತದೆ.’

ಈ ಪತ್ರದಲ್ಲಿ ‘ಕ್ಷಮಿಸಿ’ ಎಂಬ ಮಾತಿಲ್ಲ. ಶುಲ್ಕ ಕೇಳುವ ಮೊದಲು ಕ್ಷಮೆ ಕೇಳಿದರೆ, ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದು ತಾನೇ ಒಪ್ಪಿಕೊಂಡಂತೆ. ಚೌಕಾಸಿ ಶುರುವಾಗುವುದೇ ಅಲ್ಲಿಂದ. ‘ನೀವು ಮೊದಲೇ ಹೇಳಬೇಕಿತ್ತು’ ಎಂಬ ಆಕ್ಷೇಪವೂ ಇಲ್ಲ. ಬೊಟ್ಟು ಮಾಡಿರುವುದು ಇಬ್ಬರೂ ಒಪ್ಪಿದ ಕಾಗದದ ಕಡೆಗೆ, ಮಾಲೀಕರ ಕಡೆಗಲ್ಲ. ಪತ್ರದ ಸೌಜನ್ಯ ಇರುವುದು ಹೆಚ್ಚಾಗಿ ಇಲ್ಲೇ, ಮೊದಲ ಸಾಲಿನ ಸಂತೋಷದಲ್ಲಿ ಅಷ್ಟಾಗಿ ಅಲ್ಲ. ಎರಡು ದಾರಿ ಕೊಟ್ಟಿರುವುದರಿಂದ ಅವರು ‘ದುಡ್ಡು ಕೊಡಬೇಕೋ ಬೇಡವೋ’ ಎನ್ನುವುದಕ್ಕಿಂತ ‘ಈಗಲೋ ಆಮೇಲೋ’ ಎಂದು ಯೋಚಿಸುತ್ತಾರೆ.

ಒಪ್ಪಿಗೆ ಬರುವವರೆಗೆ ಹೊಸ ಕೆಲಸ ಮುಟ್ಟುವುದಿಲ್ಲ ಎಂಬ ಸಾಲು ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಎಡವುವುದು ಇಲ್ಲೇ: ಮೇಲ್ ಕಳಿಸುತ್ತಾರೆ, ಗಡುವಿನ ಭಯಕ್ಕೆ ಕೆಲಸವನ್ನೂ ಶುರುಮಾಡುತ್ತಾರೆ. ಕೆಲಸ ಕೈಗೆ ಬಂದ ಮೇಲೆ ಉತ್ತರಿಸಲು ಮಾಲೀಕರಿಗೆ ಆತುರವೇನಿರುತ್ತದೆ?

ಇ-ಮೇಲ್ ಒಪ್ಪಿಗೆಗೆ ಕಾನೂನಿನ ಬಲವೂ ಇದೆ. ವೇದಾಂತ ಅಲ್ಯೂಮಿನಿಯಂ ಮತ್ತು ಟ್ರೈಮೆಕ್ಸ್ ನಡುವಿನ ಬಾಕ್ಸೈಟ್ ವ್ಯವಹಾರದಲ್ಲಿ, ಔಪಚಾರಿಕ ಕರಾರಿಗೆ ಸಹಿ ಬೀಳದಿದ್ದರೂ ಇ-ಮೇಲ್‌ಗಳಲ್ಲೇ ಒಪ್ಪಂದ ಪೂರ್ಣಗೊಂಡಿತ್ತು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಪ್ಪಿಗೆಯೇ ಇಲ್ಲದೆ ಮಾಡಿದ ಕೆಲಸಕ್ಕೆ 1872ರ ಭಾರತೀಯ ಕರಾರು ಕಾಯ್ದೆಯ 70ನೇ ಸೆಕ್ಷನ್ ಸ್ವಲ್ಪ ಆಸರೆ ಕೊಡುತ್ತದೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕು ಎನ್ನುತ್ತದೆ ಅದು. ಆದರೆ ಪುಕ್ಕಟೆಯಲ್ಲ ಎಂಬುದನ್ನು ಸಾಬೀತುಪಡಿಸಬೇಕು. ‘ಇದೊಂದು ಸಲ ಪರವಾಗಿಲ್ಲ ಸರ್’ ಎಂದು ಬರೆದವರಿಗೆ ಅದು ಕಷ್ಟ.

ಹಾಗೆಂದು ಪ್ರತಿಯೊಂದಕ್ಕೂ ಬಿಲ್ ಮಾಡಬೇಕಾಗಿಲ್ಲ. ಅಂಗಡಿಯ ಫೋನ್ ನಂಬರ್ ಬದಲಿಸಲು ಹತ್ತು ನಿಮಿಷ ಸಾಕು. ಅದನ್ನು ಹಾಗೆಯೇ ಮಾಡಿಕೊಟ್ಟು, ಬಿಲ್‌ನಲ್ಲಿ ‘ಫೋನ್ ನಂಬರ್ ಬದಲಾವಣೆ: ಶುಲ್ಕವಿಲ್ಲ’ ಎಂಬ ಒಂದು ಸಾಲು ಸೇರಿಸುತ್ತಾರೆ ಆಕೆ. ಮಾಲೀಕರು ‘ಎರಡನೇ ಹಂತದಲ್ಲೇ ಮಾಡೋಣ ಮೇಡಂ, ಮೊದಲು ಸೈಟ್ ಶುರುವಾಗಲಿ’ ಎಂದು ಉತ್ತರಿಸಿದರೆ, ಆ ಮೇಲನ್ನು ಕೊಟೇಶನ್ ಇರುವ ಫೋಲ್ಡರ್‌ನಲ್ಲೇ ಉಳಿಸಿಕೊಂಡು ಬಾಕಿ ಪುಟಗಳ ಕೆಲಸಕ್ಕೆ ಕೂರುತ್ತಾರೆ.